ಮುನ್ನೂರ ಹನ್ನೆರಡು ಹೆಂಗಸರು, ಹನ್ನೊಂದು ಗಂಡಸರು

೧೯೯೯ರ ಮಾರ್ಚ್ ೧೪, ಭಾನುವಾರ. ಸಂಜೆ ಐದು ಹತ್ತಕ್ಕೆ ನವನೇಯ ಗಾರ್ಮೆಂಟ್ಸ್‌ನ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಕಟ್ಟೆಹೊಲ ಠಾಣೆಗೆ ಬಂದ. ಸುದ್ದಗುಂಟೆಪಾಳ್ಯದ ತಮ್ಮ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ರವಿಕುಮಾರನ ಕ್ಯಾಬಿನ್ ಸುಟ್ಟುಹೋಗಿದೆ, ಯಾರೋ ಬೇಕೆಂದೇ ಹಚ್ಚಿದ್ದಾರೆ ಎಂದು ಬರೆದುಕೊಟ್ಟ. ರಜಾದಿನವಾದ್ದರಿಂದ ಯಾರಿಗೂ ಗಾಯವಾಗಿರಲಿಲ್ಲ. ಇನ್‌ಸ್ಪೆಕ್ಟರ್ ಸೇತುರಾಮ ಐಪಿಸಿ ೪೩೬ರ ಅಡಿ ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಬಾಗಿಲಿನ ಬೀಗ ಹಾಗೇ ಇತ್ತು. ಹಿಂದಿನ ಓಣಿಯ ಕಡೆಯ ಗಾಳಿಕಿಂಡಿಯಿಂದ ಸೀಮೆಎಣ್ಣೆ ಸುರಿದು, ಅದೇ ಕಿಂಡಿಯಲ್ಲಿ ಉದ್ದನೆಯ ಬಟ್ಟೆಯ ಬತ್ತಿ ಇಳಿಬಿಟ್ಟು ಹಚ್ಚಿದ್ದರು. ಓಣಿಗೆ ಬಿದ್ದಿದ್ದ ಬತ್ತಿಯ ಮೂರು ಅಡಿ ತುಂಡು ಸುಡದೆ ಉಳಿದಿತ್ತು. ಅದನ್ನು ಮಹಿಳಾ ಕಾನ್‌ಸ್ಟೇಬಲ್ ಕೆಂಪಕ್ಕ ಕವರಿಗೆ ಹಾಕಿ ಸೀಲು ಮಾಡಿದಳು.

ಸೇತುರಾಮರು ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡಿದವರು. ಶನಿವಾರಗಳಲ್ಲಿ ಪೊಲೀಸ್ ತರಬೇತಿ ಶಾಲೆಗೆ ಹೋಗಿ ಪಾಠ ಹೇಳುತ್ತಿದ್ದರು; ಕೆಂಪಕ್ಕನೂ ಅಲ್ಲಿ ಅವರ ಪಾಠ ಕೇಳಿದವಳೇ. ಇಲಾಖೆಯಲ್ಲಿ ಅವರಿಗೆ ಆ ಒಂದು ಹೆಮ್ಮೆಯಿತ್ತು. ಅಂದು ಹೆಡ್ ಕಾನ್‌ಸ್ಟೇಬಲ್ ಸಂಜೀವಯ್ಯ ಕೆಲಸಗಾರರ ಪಟ್ಟಿ ತಂದಾಗ ಅವರು ಕೇಳಿದ್ದು ಒಂದೇ ಮಾತು.

"ಗಂಡಸರು ಎಷ್ಟು ಜನ?"

"ಹನ್ನೊಂದು ಸಾರ್. ಕಟಿಂಗ್‌ನವರು, ಲೋಡಿಂಗ್‌ನವರು, ವಾಚ್‌ಮ್ಯಾನ್. ಮಿಕ್ಕಿದ್ದು ಮುನ್ನೂರ ಹನ್ನೆರಡೂ ಹೆಂಗಸರು."

"ಹನ್ನೊಂದೂ ಜನಾನ ಕರ್ಕೊಂಡ್ ಬನ್ನಿ."

ಮೂರು ದಿನ ಹನ್ನೊಂದು ಗಂಡಸರ ವಿಚಾರಣೆ ನಡೆಯಿತು. ಕೆಲಸ ಬಿಟ್ಟುಹೋದವನು ಯಾರು, ಕುಡುಕ ಯಾರು, ಸೂಪರ್‌ವೈಸರ್ ಜೊತೆ ಜಗಳವಾಡಿದವನು ಯಾರು. ಬೆಂಕಿ ಬಿದ್ದ ಹೊತ್ತಿಗೆ ಊಟಕ್ಕೆ ಹೋಗಿದ್ದ ವಾಚ್‌ಮ್ಯಾನ್ ಗಂಗಯ್ಯನ ಮೇಲೆ ಅನುಮಾನ ಗಟ್ಟಿಯಾಯಿತು. ಅರವತ್ತು ದಾಟಿದ ಮುದುಕನ ಎರಡೂ ಅಂಗೈಗೆ ಲಾಠಿ ಬಿತ್ತು. ಅವನು "ಗೊತ್ತಿಲ್ಲ ಬುದ್ಧಿ" ಎಂದನೇ ಹೊರತು ಬೇರೆ ಮಾತಾಡಲಿಲ್ಲ. ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಲಾಗಿತ್ತು: ಯಾವ ಗಂಡಸಿನ ಮೇಲೆ ಅನುಮಾನ? ಯಾರೂ ಬಾಯಿ ಬಿಟ್ಟಿರಲಿಲ್ಲ.

ಹದಿನೇಳರ ಮಧ್ಯಾಹ್ನ ಕೆಂಪಕ್ಕ ಮೇಜಿನ ಮುಂದೆ ಬಂದು ನಿಂತಳು.

"ಸಾರ್, ಆ ಬತ್ತಿ ತುಂಡು ತುಂಡು ಬಟ್ಟೆ ಸೇರಿಸಿ ಮಾಡಿದ್ದು. ಗಂಟು ಹಾಕಿಲ್ಲ, ಮಿಷನ್ನಲ್ಲಿ ಹೊಲ್ದಿದಾರೆ. ಅಂಚು ಮಡಚಿ ಎರಡೆರಡು ಸಾಲು. ಶರ್ಟಿನ ಪಕ್ಕೆ ಹೊಲಿಯೋರು ಹಾಕೋ ಹೊಲಿಗೆ. ಅಲ್ಲಿ ಆ ಕೆಲ್ಸಕ್ಕೆ ಇರೋರು ನಾಲ್ಕೇ ಜನ."

"ಹೊಲ್ದುಕೊಟ್ಟಿರ್ಬೋದು. ಹಚ್ಚಿದೋನು ಯಾರು?"

ಕೆಂಪಕ್ಕ ಮೇಜಿನ ಮೇಲಿದ್ದ ಕೆಲಸಗಾರರ ಪಟ್ಟಿಯನ್ನು ಅವರತ್ತ ತಿರುಗಿಸಿದಳು.

"ಹಚ್ಚಿದೋಳು ಯಾಕಾಗಿರ್ಬಾರ್ದು ಸಾರ್? ಮುನ್ನೂರ ಹನ್ನೆರಡು ಜನಾನ ಬಿಟ್ಟು ನಾವು ಹನ್ನೊಂದರಲ್ಲಿ ಹುಡುಕ್ತಾ ಇದೀವಿ."

"ಬೆಂಕಿ ಹಚ್ಚೋದು ಹೆಂಗಸರ ಅಪರಾಧ ಅಲ್ಲ ಕೆಂಪಕ್ಕ. ಕ್ಲಾಸಲ್ಲಿ ಹೇಳಿದ್ನಲ್ಲ."

"ಹೇಳಿದ್ರಿ. ಇಟಲಿಯ ಡಾಕ್ಟರು ಜೈಲಿನ ಹೆಂಗಸರ ತಲೆಬುರುಡೆ ಅಳೆದು, ಹೆಣ್ಣು ಬೆಳವಣಿಗೇಲಿ ಹಿಂದೆ ಉಳಿದೋಳು, ಅಪರಾಧ ಮಾಡಿದ್ರೆ ಗಂಡಿನಂಥೋಳು ಅಂದ ಅಂತ. ಆಮೇಲೆ ಬಂದೋರು ಬೀದಿ ಹುಡುಗರ ಗುಂಪನ್ನ ಮಾತ್ರ ನೋಡಿ ಪುಸ್ತಕ ಬರೆದ್ರು ಅಂತ. ಕೊನೇ ಪಾಠ ಬಂದಾಗ, ಇದು ಪರೀಕ್ಷೆಗೆ ಬರಲ್ಲ, ಬಿಟ್ಬಿಡಿ ಅಂದ್ರಿ. ನಾನು ಓದ್ಕೊಂಡೆ ಸಾರ್."

ಆ ಕೊನೆಯ ಪಾಠ ಏನೆಂಬುದು ಸೇತುರಾಮರಿಗೆ ನೆನಪಿತ್ತು. ಎಪ್ಪತ್ತರ ದಶಕದಿಂದೀಚೆಗೆ ಕೆಲವು ವಿದುಷಿಯರು ಎತ್ತಿದ ಪ್ರಶ್ನೆಗಳು ಅದರಲ್ಲಿದ್ದವು. ಗಂಡಸರನ್ನು ನೋಡಿ ಕಟ್ಟಿದ ಸಿದ್ಧಾಂತ ಹೆಂಗಸರಿಗೆ ಹೇಗೆ ಒಪ್ಪುತ್ತದೆ? ಬಾಗಿಲ ಹಿಂದೆ ಹೆಂಗಸರ ಮೇಲೆ ಆಗುವುದು ಯಾವ ಅಂಕಿಅಂಶಕ್ಕೂ ಏಕೆ ಬರುವುದಿಲ್ಲ? ಅಪರಾಧಕ್ಕಿಳಿದ ಎಷ್ಟೋ ಹೆಂಗಸರ ದಾರಿ ಶುರುವಾಗಿದ್ದು ಮೊದಲು ತಮ್ಮ ಮೇಲೇ ನಡೆದ ಅಪರಾಧದಿಂದ ಅಲ್ಲವೇ? ನಲವತ್ತು ನಿಮಿಷದ ತರಗತಿಯಲ್ಲಿ ಅದಕ್ಕೆ ಸಮಯವಿಲ್ಲ ಎಂದು ಅವರು ಪುಟ ಮಗುಚಿದ್ದರು.

"ಕಾರ್ಖಾನೆಗೆ ಹೋಗಿ ಬಾ," ಎಂದರು. ಗಂಗಯ್ಯನನ್ನು ಮನೆಗೆ ಕಳಿಸಿದರು. ಮುದುಕ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ. ಚಪ್ಪಲಿಯ ಪಟ್ಟಿ ಹಿಡಿಯಲು ಊದಿದ ಬೆರಳು ಮಡಚಲು ಬರಲಿಲ್ಲ. ಸೇತುರಾಮರು ಆ ಕಡೆ ನೋಡಲಾರದೆ ಫೈಲು ತೆರೆದರು.

ಕಾರ್ಖಾನೆಯಲ್ಲಿ ಕೆಂಪಕ್ಕ ಪ್ರಶ್ನೆ ಬದಲಿಸಿದಳು. ಹಚ್ಚಿದ್ದು ಯಾರು ಎಂದು ಕೇಳಲಿಲ್ಲ. ಆ ಕ್ಯಾಬಿನ್ನಲ್ಲಿ ಏನಾಗುತ್ತಿತ್ತು ಎಂದು ಕೇಳಿದಳು. ಮೊದಲು ಮಂಗಮ್ಮ ಎಂಬ ಕಾಲರ್ ಹೊಲಿಯುವವಳು ಬಾಯಿ ಬಿಟ್ಟಳು. ಸಂಜೆಯಾಗುವಷ್ಟರಲ್ಲಿ ಹದಿನಾಲ್ಕು ಹೇಳಿಕೆಗಳಾದವು. ಹೊಲಿದ ಪೀಸುಗಳ ಲೆಕ್ಕ ಕಡಿಮೆಯಾಯಿತು ಎಂದು ರವಿಕುಮಾರ ಒಳಗೆ ಕರೆಯುತ್ತಿದ್ದ. ಚಿಲಕ ಹಾಕುತ್ತಿದ್ದ. ಒಳಗೆ ಹೋಗಲೊಪ್ಪದವಳಿಗೆ ಮಾರನೆಯ ದಿನದಿಂದ ಕೆಲಸವಿರುತ್ತಿರಲಿಲ್ಲ.

ಪಕ್ಕೆ ಹೊಲಿಯುವ ನಾಲ್ವರಲ್ಲಿ ಮೂವರು ಆ ಭಾನುವಾರ ತಂತಮ್ಮ ಹಳ್ಳಿಗೆ ಹೋಗಿದ್ದುದು ಖಚಿತವಾಯಿತು. ಉಳಿದವಳು ಗದಗ ಕಡೆಯ ಭಾಗ್ಯಜ್ಯೋತಿ, ಇಪ್ಪತ್ತೇಳು ವರ್ಷ, ತಿಲಕ್ ನಗರದಲ್ಲಿ ಬಾಡಿಗೆ ಕೋಣೆ. ಹದಿನೆಂಟರ ಬೆಳಿಗ್ಗೆ ಹತ್ತಕ್ಕೆ ಅವಳು ಠಾಣೆಯಲ್ಲಿ ಕುಳಿತಿದ್ದಳು.

"ಬತ್ತಿ ನೀನು ಹೊಲ್ದಿದ್ದಾ?" ಎಂದು ಸೇತುರಾಮರು ಕೇಳಿದರು.

"ಹೌದ್ರಿ."

"ಹಚ್ಚಿದ್ದು?"

"ನಾನಽರಿ."

"ಯಾರು ಹೇಳಿಕೊಟ್ರು? ಯಾವನ ಜೊತೆ ಓಡಾಡ್ತಿದ್ದೆ?"

"ಯಾರೂ ಇಲ್ರಿ."

"ಆವತ್ತು ಮೈಗೆ ಸರಿ ಇರ್ಲಿಲ್ವಾ? ತಿಂಗಳ ದಿನಗಳಲ್ಲಿ ಕೆಲವರಿಗೆ ತಲೆ ಕೆಡುತ್ತೆ."

ಕೆಂಪಕ್ಕ ನೆಲ ನೋಡಿದಳು. ಭಾಗ್ಯಜ್ಯೋತಿ ಮಾತ್ರ ಇನ್‌ಸ್ಪೆಕ್ಟರರ ಮುಖವನ್ನೇ ನೋಡುತ್ತಿದ್ದಳು.

"ತಲಿ ಭಾಳ ಚಲೋ ಇತ್ರಿ ಸಾಹೇಬ್ರ. ರವಿವಾರ ಯಾರೂ ಇರಂಗಿಲ್ಲಂತ ನೋಡೇನಿ. ವಾಚ್‌ಮ್ಯಾನ್ ಅಜ್ಜ ಉಣ್ಣಾಕ ಹೋಗೂತನಕ ಕಾದೇನಿ. ಎರಡು ವಾರ ಬತ್ತಿ ಹೊಲದೇನಿ. ಆ ಖೋಲಿ ಇರಬಾರದಾಗಿತ್ತು, ಅಷ್ಟ. ನನ್ನ ಸಲುವಾಗಿ ಆ ಅಜ್ಜನ್ನ ಹೊಡದ್ರಂತ ನಿನ್ನೆ ಗೊತ್ತಾತು. ಇವತ್ತು ನೀವು ಕರೀದಿದ್ರೂ ನಾನಽ ಬರಾಕಿ ಇದ್ದೆ."

"ಕಂಪ್ಲೇಂಟ್ ಕೊಡಬೇಕಿತ್ತು. ಠಾಣೆ ಯಾಕಿದೆ?"

"ಬಂದಿದ್ನೆಲ್ರಿ. ಹ್ವಾದ ವರ್ಷ ಸಂಕ್ರಾಂತಿ ಮುಂದ. ನೀವಽ ಇದ್ರಿ. ಇದಽ ಕುರ್ಚಿ."

ಸೇತುರಾಮರಿಗೆ ಆ ಮುಖ ನೆನಪಾಗಲಿಲ್ಲ. ಎಷ್ಟು ಯತ್ನಿಸಿದರೂ ಆಗಲಿಲ್ಲ. ೧೯೯೮ರ ಅರ್ಜಿಗಳ ಪುಸ್ತಕ ತರಿಸಿದರು. ಜನವರಿ ೯, ಶುಕ್ರವಾರ. ಅರ್ಜಿದಾರಳು ಭಾಗ್ಯಜ್ಯೋತಿ, ಎದುರಿಗೆ ಅವರದೇ ದುಂಡು ಅಕ್ಷರ: 'ಕಾರ್ಖಾನೆಯ ಆಂತರಿಕ ವಿಷಯ. ಸಾಕ್ಷಿ ಇಲ್ಲ. ಬುದ್ಧಿ ಹೇಳಿ ಕಳಿಸಲಾಗಿದೆ.' ಕೆಳಗೆ ಸಹಿ. ಹಿಂದಿನ, ಮುಂದಿನ ಪುಟ ತಿರುವಿದರು. ಅದೇ ಕಾರ್ಖಾನೆಯ ಇನ್ನಿಬ್ಬರ ಹೆಸರುಗಳಿದ್ದವು. ಬುದ್ಧಿ ಹೇಳಿ ಕಳಿಸಲಾಗಿದೆ. ಬುದ್ಧಿ ಹೇಳಿ ಕಳಿಸಲಾಗಿದೆ.

ಅವುಗಳಲ್ಲಿ ಒಂದಕ್ಕೂ ಎಫ್‌ಐಆರ್ ಆಗದ ಕಾರಣ ಆ ವರ್ಷದ ಲೆಕ್ಕದಲ್ಲಿ ಠಾಣೆಯ ಮಟ್ಟಿಗೆ ಹೆಂಗಸರ ಮೇಲಿನ ಅಪರಾಧ 'ಇಳಿಮುಖ' ಎಂದು ಅವರೇ ವರದಿ ಕಳಿಸಿದ್ದರು. ಅದಕ್ಕೆ ಪ್ರಶಂಸೆಯ ಪತ್ರವೂ ಬಂದಿತ್ತು. ಕೆಂಪಕ್ಕ, ಸಂಜೀವಯ್ಯ ಇಬ್ಬರೂ ಎದುರಿಗೇ ಇದ್ದರು. ಪುಸ್ತಕ ಮುಚ್ಚಿದರೆ ಯಾರೂ ಕೇಳುತ್ತಿರಲಿಲ್ಲ.

ಭಾಗ್ಯಜ್ಯೋತಿ ತೋರಿಸಿದ ಮೋರಿಯಿಂದ ಪಂಚರ ಮುಂದೆ ಸೀಮೆಎಣ್ಣೆಯ ಕ್ಯಾನು ಸಿಕ್ಕಿತು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಅವಳ ಬಂಧನವಾಯಿತು. ಗದಗದಲ್ಲಿದ್ದ ಅವಳ ತಾಯಿ ಮುರಿಗೆವ್ವಳಿಗೆ ಅವಳ ಮನೆಯ ಪಕ್ಕದ ಅಂಗಡಿಗೆ ಫೋನ್ ಮಾಡಿ ವಿಷಯ ತಿಳಿಸಲಾಯಿತು. ಸಂಜೆ ರವಿಕುಮಾರನ ಮೇಲೆ ಹೆಂಗಸರ ಮಾನಕ್ಕೆ ಕುಂದು ತಂದ ಆರೋಪಕ್ಕೆ ಐಪಿಸಿ ೩೫೪, ೫೦೯ರ ಅಡಿ ಪ್ರಕರಣ ದಾಖಲಾಯಿತು. ಒಂದು ವರ್ಷ ಎರಡು ತಿಂಗಳು ತಡವಾಗಿ.

"ನನಗ ಶಿಕ್ಷಾ ಆಗತೈತೇನ್ರಿ?" ಎಂದು ಭಾಗ್ಯಜ್ಯೋತಿ ಕೇಳಿದಳು.

"ಆಗಬಹುದಮ್ಮ. ಬೆಂಕಿ ಹಚ್ಚಿದ್ದು ಅಪರಾಧವೇ," ಎಂದರು ಸೇತುರಾಮರು.

"ಅಲ್ಲಂತ ನಾ ಎಲ್ಲಿ ಅಂದೇನ್ರಿ?"

ಬಂಧಿತರ ವಿವರದ ನಮೂನೆ ತುಂಬಲು ಸೇತುರಾಮರು ತಾವೇ ಕುಳಿತರು. ಹಿಂದಿನ ಅಪರಾಧಗಳು ಎಂಬ ಅಂಕಣವಿತ್ತು. 'ಇಲ್ಲ' ಎಂದು ಬರೆದರು. ಈ ವ್ಯಕ್ತಿಯ ಮೇಲೆ ಹಿಂದೆ ನಡೆದ ಅಪರಾಧಗಳು ಎಂದು ಕೇಳುವ ಅಂಕಣ ಇರಲಿಲ್ಲ. ಕೇಸ್ ಡೈರಿ ತೆಗೆದು, ಹದಿನಾಲ್ಕು ಹೇಳಿಕೆಗಳನ್ನೂ ಮೂರು ಅರ್ಜಿಗಳ ನಕಲನ್ನೂ ಲಗತ್ತಿಸಿ, ನ್ಯಾಯಾಲಯ ಓದಲಿ ಎಂದು ನಿಧಾನವಾಗಿ ಬರೆದರು:

'ಆರೋಪಿಯು ದಿನಾಂಕ ೯–೧–೧೯೯೮ರಂದು ಇದೇ ಠಾಣೆಗೆ ದೂರುದಾರಳಾಗಿ ಬಂದಿದ್ದಳು. ದೂರು ದಾಖಲಿಸದೆ ಕಳಿಸಿದವನು ಈ ಪ್ರಕರಣದ ತನಿಖಾಧಿಕಾರಿಯಾದ ನಾನು.'