ಬೆಳ್ಳಕ್ಕಿಗಳ ಮುಂದೆ ಓದಿದ ಮೂರನೆಯ ಪತ್ರ

ಬಹಳ ಬಹಳ ಹಿಂದೆ, ಕುಮುದಪುರವೆಂಬ ರಾಜ್ಯದಲ್ಲಿ, ಅರಮನೆಯ ಸಿಂಹಾಸನಕ್ಕಿಂತ ಅರಮನೆಯ ಅಡುಗೆಮನೆಗೇ ಹೆಚ್ಚು ಹೆಸರಿತ್ತು. ಆ ಅಡುಗೆಮನೆಯ ಒಡತಿ ಗುಣವತಿ. ಒಂದು ಹಬ್ಬದ ದಿನ ರಾಜನ ಪಂಕ್ತಿಯಲ್ಲಿ ಅರ್ಧ ಊರು ಊಟಕ್ಕೆ ಕುಳಿತಿತ್ತು. ಊಟದ ನಡುವೆ ಮಾಂತ್ರಿಕ ಕಪಿಲಾಕ್ಷ ಎದ್ದು ನಿಂತು ಶಪಿಸಿದ. ರಾಜ, ರಾಣಿ, ಉಣ್ಣುತ್ತಿದ್ದವರು, ಬಡಿಸುತ್ತಿದ್ದ ಗುಣವತಿ, ಎಲ್ಲರೂ ಬೆಳ್ಳಕ್ಕಿಗಳಾಗಿ ಹಾರಿಹೋಗಿ ಊರಕೆರೆಯಲ್ಲಿ ಒಂಟಿಕಾಲಿನ ಮೇಲೆ ನಿಂತರು.

ಕಪಿಲಾಕ್ಷ ಬೀದಿಗೆ ಬಂದು, ಹೊರಗಿದ್ದವರಿಗೆಲ್ಲ ಕೇಳುವಂತೆ ಕೂಗಿದ: "ಊರಿಗೆಲ್ಲ ಎಲೆ ಹಾಕಿದರು, ನನಗೊಬ್ಬನಿಗೆ ಹಾಕಲಿಲ್ಲ. ಅಡುಗೆಯವಳು ನನ್ನನ್ನು ಮರೆತಳು!" ಹಾಗೆ ಕೂಗಿ ಕಾಡು ಸೇರಿದ.

ಗುಣವತಿಗೆ ಹೇಮವಲ್ಲಿಯೆಂಬ ಪುಟ್ಟ ಮಗಳಿದ್ದಳು. ಅಂದು ಮೈ ಕಾದು ಮನೆಯಲ್ಲೇ ಮಲಗಿದ್ದರಿಂದ ಅವಳು ಉಳಿದಳು. ಉಳಿದವಳಿಗೆ ಊರು ಒಂದು ಹೆಸರಿಟ್ಟಿತು: ಎಲೆ ಮರೆತವಳ ಮಗಳು. ಹುಡುಗಿ ಬೆಳೆದಳು, ಅಕ್ಷರ ಕಲಿತಳು, ಮಂತ್ರಿಯ ಕಚೇರಿಯಲ್ಲಿ ಪತ್ರ ಬರೆಯುವವಳಾದಳು. ಬೆನ್ನು ನೇರ, ಸೆರಗು ನೇರ, ಸಾಲು ನೇರ. ಅವಳು ಬರೆದ ಪತ್ರದಲ್ಲಿ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಅಮ್ಮ ಏನನ್ನೋ ಮರೆತಳಂತೆ; ಮಗಳು ಯಾವುದನ್ನೂ ಮರೆಯಬಾರದು.

ದಿನವೂ ಬೆಳಿಗ್ಗೆ ಅವಳು ಕೆರೆಗೆ ಹೋಗುತ್ತಿದ್ದಳು. ಬಲರೆಕ್ಕೆಯ ಮೇಲೆ ಸುಟ್ಟ ಕಲೆಯಿದ್ದ ಬೆಳ್ಳಕ್ಕಿ ಅಮ್ಮ. ಒಲೆಯ ಮುಂದೆ ಕೈ ಸುಟ್ಟುಕೊಂಡದ್ದು ರೆಕ್ಕೆಯಲ್ಲೂ ಉಳಿದಿತ್ತು. ಹೇಮವಲ್ಲಿ ಹಿಡಿ ಅನ್ನ ಇಡುವಳು, ಹಕ್ಕಿ ತಿನ್ನುವುದು. ಕೆರೆಯ ಮೀನನ್ನು ಅದು ಎಂದೂ ಮುಟ್ಟಿದ್ದಿಲ್ಲ.

ಒಂದು ಬೆಳಿಗ್ಗೆ ಅನ್ನ ಹಾಗೇ ಉಳಿಯಿತು. ಅಮ್ಮ ಕತ್ತು ಚಾಚಿ ಒಂದು ಮೀನು ಹಿಡಿದು ನುಂಗಿದಳು. ಮಗಳನ್ನು ನೋಡಿದಳು, ಗುರುತು ಹಿಡಿಯಲಿಲ್ಲ.

ಹೇಮವಲ್ಲಿ ಇಳಿಯುತ್ತಿದ್ದ ನೀರನ್ನು ನೋಡಿದಳು. ಈ ಬೇಸಿಗೆಗೆ ಕೆರೆ ಬತ್ತಿದರೆ ಹಕ್ಕಿಗಳೆಲ್ಲ ಬೇರೆ ನೀರು ಹುಡುಕಿ ಹೋಗುತ್ತವೆ. ಹೋದ ಮೇಲೆ ಮನುಷ್ಯರಾಗಿದ್ದೆವೆಂಬುದನ್ನೇ ಮರೆಯುತ್ತವೆ. ಅವಳು ಅಂದೇ ತಾಳೆಗರಿಗಳ ಕಟ್ಟನ್ನೂ ಗರಿಯ ಮೇಲೆ ಕೊರೆಯುವ ಉಕ್ಕಿನ ಕಂಟವನ್ನೂ ಸೊಂಟಕ್ಕೆ ಸಿಕ್ಕಿಸಿ ಕಾಡಿಗೆ ಹೊರಟಳು.

ಮಾಂತ್ರಿಕನ ಗುಹೆಯ ಬಾಗಿಲಲ್ಲಿ ಒಂದು ಕರಡಿ ಕುಳಿತಿತ್ತು.

"ಯಾರಮ್ಮಾ ಅದು?" ಎಂದಿತು ಕರಡಿ. "ಹೆದರಬೇಡ. ನಾನು ಮಾಳಿಂಗ, ಅರಮನೆಯ ಬಾಗಿಲು ಕಾಯುತ್ತಿದ್ದವನು. ಆ ದಿನ ಈ ಮಾಂತ್ರಿಕರು ಹೊರಗೆ ಬರುವಾಗ 'ಊಟ ಆಯಿತೇ ಸ್ವಾಮಿ?' ಎಂದೆ. ಅಷ್ಟಕ್ಕೇ ಕರಡಿ ಮಾಡಿಬಿಟ್ಟರು."

"ಅಷ್ಟಕ್ಕೇ?"

"ಅಷ್ಟಕ್ಕೇ ನೋಡು. ಇನ್ನು 'ಪಾಯಸ ಹೇಗಿತ್ತು' ಅಂದಿದ್ದರೆ ಏನು ಮಾಡುತ್ತಿದ್ದರೋ."

ಒಳಗೆ ಕಪಿಲಾಕ್ಷ ಮುದುಕನಾಗಿ ಕುಳಿತಿದ್ದ. ಸುತ್ತಲೂ ಬರೆದು ಬರೆದು ಸುಟ್ಟ ತಾಳೆಗರಿಗಳ ಬೂದಿ. ಗೂಟಕ್ಕೆ ಕೆಂಪಂಚಿನ ಬಟ್ಟೆ ಸುತ್ತಿದ ಬುತ್ತಿಯ ಬುಟ್ಟಿಯೊಂದು ತೂಗುತ್ತಿತ್ತು. ಹೇಮವಲ್ಲಿ ಅತ್ತ ನೋಡಿದಳು. "ಅದನ್ನು ಮುಟ್ಟಬೇಡ!" ಎಂದ ಅವನು.

"ನಾನು ಬುಟ್ಟಿಗಾಗಿ ಬಂದಿಲ್ಲ. ಶಾಪ ಬಿಡಿಸಿ."

"ಬಿಡಿಸಬೇಕೆಂದು ನನಗೂ ಇದೆ, ಮಗಳೇ. ನನ್ನ ಬಾಯಿಯ ರುಚಿ ಸತ್ತು ಎಷ್ಟೋ ಕಾಲವಾಯಿತು. ಆದರೆ ಆ ಶಾಪದ ಗಂಟು ಮಂತ್ರಕ್ಕೆ ಬಿಚ್ಚುವುದಿಲ್ಲ. ಮಾಡಿದವನು ತನ್ನ ಕೈಯಾರೆ ತಪ್ಪೊಪ್ಪಿಗೆ ಬರೆದು ಆ ಹಕ್ಕಿಗಳ ಮುಂದೆ ಓದಬೇಕು. ಅದರಲ್ಲಿ ಕಾರಣವಿರಬೇಕು, ನೆಪವಿರಬಾರದು. ಕೇಳುವವರಿಗೆ ತಿಳಿಯದ ಒಂದು ಸತ್ಯವಿರಬೇಕು. ಓದಲು ಮೂರೇ ಅವಕಾಶ. ಬರೆಯಲು ಕೂತರೆ ಕೈ ಎತ್ತೆತ್ತಲೋ ಹೋಗುತ್ತದೆ."

"ಬರೆಯಿರಿ. ನಾನು ನೋಡುತ್ತೇನೆ," ಎಂದಳು ಹೇಮವಲ್ಲಿ.

ಅವನು ಬರೆದ. ಅವಳು ತಿದ್ದಲು ಕೈ ಚಾಚುವ ಮೊದಲೇ ಎದ್ದು, "ಚೆನ್ನಾಗಿಯೇ ಬಂದಿದೆ, ನಡೆ" ಎಂದು ಕೆರೆಗೆ ಹೊರಟುಬಿಟ್ಟ. ದಡದಲ್ಲಿ ನಿಂತು ಓದಿದ:

"ಪಂಕ್ತಿಯಲ್ಲಿ ನನಗೆ ಎಲೆ ಬೀಳಲಿಲ್ಲ. ಬಾಲ್ಯದಿಂದ ಹಸಿವು, ಅವಮಾನಗಳನ್ನು ಉಂಡವನು ನಾನು. ಕೋಪ ಬಂತು. ಶಾಪ ಬಾಯಿಂದ ಬಿದ್ದುಹೋಯಿತು. ತಪ್ಪಾಯಿತು, ಆದರೆ ನನ್ನ ಜಾಗದಲ್ಲಿ ಯಾರಿದ್ದರೂ..."

ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿದವು. ಗುಣವತಿ ಕೊಕ್ಕಿನಿಂದ ನೀರನ್ನು ಫಟಫಟ ಬಡಿದಳು. ತನ್ನ ಮರೆವು ನೆನಪಾಗಿ ಅಮ್ಮ ನಾಚಿದಳೇನೋ ಎಂದುಕೊಂಡು ಹೇಮವಲ್ಲಿ ತಲೆ ತಗ್ಗಿಸಿದಳು.

ಗುಹೆಗೆ ಮರಳಿದ ಮೇಲೆ ಅವಳು ಪತ್ರವನ್ನು ಮುಂದಿಟ್ಟುಕೊಂಡಳು.

"ಶಾಪ ಬಾಯಿಂದ ಬಿದ್ದುಹೋಯಿತೇ? ಅದೇನು ಹಲ್ಲೇ, ತಾನೇ ಬೀಳಲು?"

ಹೊರಗೆ ಕರಡಿ ಗುರುಗುರು ನಕ್ಕಿತು.

"ನಾನು ಶಪಿಸಿದೆ ಎಂದು ಬರೆಯಿರಿ. ಈ 'ಆದರೆ' ತೆಗೆಯಿರಿ. ಒಪ್ಪಿಕೊಂಡದ್ದನ್ನೆಲ್ಲ ಅದು ವಾಪಸು ಕೇಳುತ್ತದೆ. ಇನ್ನು, ನಿಮ್ಮ ಜಾಗದಲ್ಲಿ ಯಾರಿದ್ದರೂ ಎಂದಿರಿ. ಮಾಳಿಂಗಣ್ಣನನ್ನು ಸುಮ್ಮಸುಮ್ಮನೆ ಕರಡಿ ಮಾಡಿದಿರಿ. ಅವನು ಯಾರನ್ನಾದರೂ ಶಪಿಸಿದನೇ?"

"ನನಗೆ ಬರುವುದಿಲ್ಲವಮ್ಮ," ಎಂದಿತು ಕರಡಿ.

"ಬಂದಿದ್ದರೆ?"

ಕರಡಿ ತುಸು ಯೋಚಿಸಿತು. "ಇವರ ಮೂಗಿನ ಮೇಲೆ ಒಂದು ಕುರು ಏಳಿಸುತ್ತಿದ್ದೆ. ಅಷ್ಟೇ."

"ಕೇಳಿದಿರಾ? ಅದೇ ನೋವು ಉಂಡು ಈ ಕೆಲಸ ಮಾಡದವನು ಒಬ್ಬನಿದ್ದರೂ ಸಾಕು, ನೋವು ಬರಿಯ ಕಾರಣ. ಅಲ್ಲಿಗೆ ನಿಲ್ಲಿಸಿದರೆ ಅದು ನೆಪವಾಗುತ್ತದೆ. ನೋವಿನ ಆಚೆಗೆ, ಮಾಡದೆ ಬಿಡಬಹುದಾಗಿದ್ದ ಒಂದು ಕ್ಷಣವಿರುತ್ತದೆ. ಅಲ್ಲಿಯವರೆಗೆ ಬರೆಯಬೇಕು."

"ಬೈಯುವಾಗಲೂ ನೀವು, ನಿಮ್ಮ ಎನ್ನುತ್ತೀಯಲ್ಲ!" ಎಂದ ಕಪಿಲಾಕ್ಷ.

"ಅದು ನಿಮ್ಮ ಮರ್ಯಾದೆಗಲ್ಲ. ಅಮ್ಮ ಕಲಿಸಿದ ನನ್ನ ನಾಲಿಗೆಯ ಮರ್ಯಾದೆಗೆ."

ಎರಡನೆಯ ಪತ್ರವನ್ನು ಅವನು ಅಳುತ್ತಾ ಬರೆದ. ಕಣ್ಣೀರು ಕಂಡು ಹೇಮವಲ್ಲಿಯೂ ಮೋಸಹೋದಳು, ಹೆಚ್ಚು ತಿದ್ದಲಿಲ್ಲ. ಕೆರೆಯ ದಡದಲ್ಲಿ ಅವನು ಓದಿದ:

"ನಾನು ಶಪಿಸಿದೆ. ನಾನು ಪಾಪಿ, ನೀಚ, ಹುಳುವಿಗಿಂತ ಕಡೆ. ನನಗೆ ನರಕವೂ ಸಾಲದು. ಕ್ಷಮಿಸಿ, ಕ್ಷಮಿಸಿ!"

ಹಕ್ಕಿಗಳು ಹತ್ತಿರ ಬಂದವು. ಒಂದೆರಡು ಅವನ ಕಾಲಿಗೆ ಕೊಕ್ಕು ತಾಗಿಸಿ ಸಮಾಧಾನ ಮಾಡಿದವು. ಹೇಮವಲ್ಲಿಯ ಕಣ್ಣೂ ತುಂಬಿತು. ಎಲ್ಲರೂ ಕಾದರು. ಹಕ್ಕಿಗಳು ಹಕ್ಕಿಗಳಾಗಿಯೇ ಉಳಿದವು. ಕೆರೆಯ ನೀರು ಇನ್ನಷ್ಟು ಇಳಿಯಿತು. ಗುಣವತಿ ದೂರದ ಏರಿಯ ಮೇಲೆ ಕುಳಿತು ಆಕಾಶ ನೋಡತೊಡಗಿದಳು.

ಹೇಮವಲ್ಲಿ ಕಣ್ಣೊರೆಸಿಕೊಂಡು ಸಿಡಿದಳು. "ಈಗ ತಿಳಿಯಿತು! ರೆಕ್ಕೆ ಬಂದದ್ದು ಅವರಿಗೆ, ಸಮಾಧಾನ ಸಿಕ್ಕಿದ್ದು ನಿಮಗೆ. ಬೈಗುಳವೆಲ್ಲ ನೀವೇ ಬೈದುಕೊಂಡರೆ ಕೇಳುವವರಿಗೆ ಉಳಿದದ್ದೇನು? 'ಅಯ್ಯೋ ಪಾಪ' ಎನ್ನುವುದಷ್ಟೇ. ನೀಚನೋ ಅಲ್ಲವೋ, ಅದನ್ನು ಅವರು ಹೇಳಲಿ. ಕ್ಷಮೆ, ಕೊಡುವವರ ಕೈಯಲ್ಲಿರುವ ವಸ್ತು. ಪತ್ರದಲ್ಲಿ ಅದನ್ನು ಅವರ ಕೈಯಿಂದ ಎಳೆಯಬೇಡಿ. ನಡೆದದ್ದನ್ನು ಬರೆಯಿರಿ."

"ನಡೆದದ್ದು ಊರಿಗೇ ಗೊತ್ತಲ್ಲ."

ಹೇಮವಲ್ಲಿ ಗೂಟದ ಮೇಲಿನ ಬುಟ್ಟಿಯನ್ನು ನೋಡಿದಳು. ಆ ಕೆಂಪಂಚು ಅರಮನೆಯ ಅಡುಗೆಮನೆಯದು. ಊಟವಾಯಿತೇ ಎಂದದ್ದಕ್ಕೆ ಒಬ್ಬ ಕರಡಿಯಾದ. ಎಲೆ ಬೀಳಲಿಲ್ಲ ಎಂದು ಓದಿದಾಗ ಅಮ್ಮ ನೀರನ್ನು ಬಡಿದಳು. ನಾಚಿದವರು ಹಾಗೆ ಬಡಿಯುವುದಿಲ್ಲ. ಅಲ್ಲ ಎನ್ನುವವರು ಬಡಿಯುತ್ತಾರೆ.

ಅವಳು ಹೊಸ ಗರಿ ತೆಗೆದು ಅವನ ಮುಂದಿಟ್ಟಳು. "ಏಕೆ ಎಂದು ಇನ್ನು ಕೇಳುವುದಿಲ್ಲ. ಏಕೆ ಎಂದರೆ ನೀವು ನೆಪ ಹುಡುಕುತ್ತೀರಿ. ಆ ಬೆಳಿಗ್ಗೆ ಎದ್ದಿರಿ. ಆಮೇಲೆ?"

"ಸ್ನಾನ ಮಾಡಿದೆ."

"ಆಮೇಲೆ?"

"ಬಾಗಿಲು ತೆರೆದೆ. ಬುಟ್ಟಿ ಇತ್ತು." ಅವನ ದನಿ ಇಳಿಯಿತು.

"ಆಮೇಲೆ?"

ಹೀಗೆ ಆಮೇಲೆ, ಆಮೇಲೆ ಎನ್ನುತ್ತಾ ಅವಳು ಅವನನ್ನು ಆ ದಿನದ ಒಳಗೆ ನಡೆಸಿಕೊಂಡು ಹೋದಳು. ಅವನು ಹೇಳಿದಂತೆಲ್ಲ ಬರೆದ. ಒಂದು ಕಡೆ ಬಂದಾಗ ಹೇಮವಲ್ಲಿ ಎದ್ದು ಹೊರಗೆ ಹೋದಳು. ಕರಡಿಯ ಮಗ್ಗುಲಲ್ಲಿ ನಿಂತು, ಉಸಿರು ಹಿಡಿತಕ್ಕೆ ಬರುವವರೆಗೆ ಮರಗಳನ್ನೇ ನೋಡಿದಳು. 'ಕೃತಘ್ನ' ಎಂಬ ಮಾತನ್ನು ಆ ಗರಿಯ ಮೇಲೆ ತಾನೇ ಕೊರೆಯಬೇಕೆಂದು ಅವಳ ಬೆರಳು ತುಡಿಯುತ್ತಿತ್ತು. ಕೊರೆಯಲಿಲ್ಲ. ಒಳಗೆ ಬಂದು ಬೆನ್ನು ನೇರ ಮಾಡಿ ಕುಳಿತಳು.

"ಈ ಗುಟ್ಟನ್ನು ಕೊನೆಗಿಡಲೇ? ಸಿಡಿಲಿನ ಹಾಗೆ ಎರಗುತ್ತದೆ," ಎಂದ ಕಪಿಲಾಕ್ಷ.

"ಬೇಡ. ನಡೆದ ಜಾಗದಲ್ಲೇ ಇರಲಿ, ಮೆಲುದನಿಯಲ್ಲಿ. ನೀವು ಡಂಗುರ ಸಾರಿದರೆ ಅದು ನಿಮ್ಮ ಆಟವಾಗುತ್ತದೆ. ಸುಮ್ಮನೆ ಇಟ್ಟರೆ ಕೇಳುವವರು ತಾವೇ ಎಡವುತ್ತಾರೆ. ಮತ್ತೆ ಇದು, 'ಅಂದಿನಿಂದ ನನಗೆ ಯಾವ ಊಟವೂ ರುಚಿಸಿಲ್ಲ'. ತೆಗೆಯಿರಿ."

"ಅದು ನಿಜ, ಮಗಳೇ!"

"ನಿಜವೇ. ಅದು ನಿಮ್ಮ ಕಷ್ಟ. ಈ ಪತ್ರ ಅವರದು."

ಮೂರನೆಯ ಸಲ ಅವರು ಕರಡಿಯನ್ನೂ ಕರೆದುಕೊಂಡು ಕೆರೆಗೆ ಬಂದಾಗ ನೀರು ಪಾದ ಮುಳುಗುವಷ್ಟೇ ಇತ್ತು. ಹಕ್ಕಿಗಳು ರೆಕ್ಕೆ ಬಿಚ್ಚಿ ಹೊರಡಲು ನಿಂತಿದ್ದವು. ಸುದ್ದಿ ತಿಳಿದು ಊರವರೂ ಏರಿಯ ಮೇಲೆ ಸೇರಿದ್ದರು. ಕಪಿಲಾಕ್ಷ ಓದಿದ:

"ಕುಮುದಪುರದವರೇ, ನಾನು ನಿಮ್ಮನ್ನು ಬೆಳ್ಳಕ್ಕಿಗಳನ್ನಾಗಿ ಮಾಡಿದೆ.

ನಾನು ಹೆಸರಿಲ್ಲದೆ ಕಾಡಿನಲ್ಲಿ ವಿದ್ಯೆ ಕಲಿಯುತ್ತಿದ್ದ ಕಾಲದಿಂದ ಅಡುಗೆಯ ಗುಣವತಿ ದಿನವೂ ನನಗೆ ಬುತ್ತಿ ಕಳಿಸುತ್ತಿದ್ದಳು. ನಾನು ಕೇಳಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ. ಹಬ್ಬದ ದಿನವೂ ಬುತ್ತಿ ಬಂತು. ಪಂಕ್ತಿ ತಡವಾದರೆ ನಾನು ಹಸಿಯಬಾರದೆಂದು ಹೇಳಿ ಕಳಿಸಿದ್ದಳು. ಅದನ್ನು ಬಾಗಿಲಲ್ಲೇ ಬಿಟ್ಟು ಅರಮನೆಗೆ ಹೋದೆ.

ನನಗೆ ರಾಜನ ಪಕ್ಕದಲ್ಲಿ ಎಲೆ ಹಾಕಿದ್ದರು. ಹೊಟ್ಟೆ ತುಂಬ ಉಂಡೆ. ಗುಣವತಿ ಬಂದು, 'ಊಟ ಸಾಕಾಯಿತೇ, ಅಣ್ಣಾ?' ಎಂದು ಕೇಳಿದಳು. ನಿನ್ನ ಅನ್ನದಿಂದ ಬದುಕಿದೆ ತಾಯಿ ಎನ್ನುವ ಮಾತು ಗಂಟಲಿಗೆ ಬಂತು. ಅದನ್ನು ಹೇಳಿದರೆ, ಈ ಮಹಾಮಾಂತ್ರಿಕ ಬೆಳೆದದ್ದು ಅಡುಗೆಯವಳ ಬುತ್ತಿಯಲ್ಲಿ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅವಳು ಪಾತ್ರೆ ಹಿಡಿದು ಕಾಯುತ್ತಿದ್ದಳು. ಆಗ ಎರಡು ಮಾತು ನನ್ನ ಬಾಯಲ್ಲಿದ್ದವು. ನಾನು ಶಾಪವನ್ನು ಆರಿಸಿಕೊಂಡೆ.

ಎಲೆಯ ಸುಳ್ಳು ನಾನು ಕಟ್ಟಿದ್ದು. ಅವಳ ಮಗಳು ಆ ಸುಳ್ಳನ್ನು ಹೊತ್ತು ಬೆಳೆದಳು. ಊಟವಾಯಿತೇ ಎಂದ ಮಾಳಿಂಗನನ್ನು ಕರಡಿ ಮಾಡಿದೆ.

ಗುಹೆಗೆ ಬಂದೆ. ನಡೆದು ನಡೆದು ಹಸಿವಾಗಿತ್ತು. ಗುಣವತಿಯ ಬುತ್ತಿ ಬಾಗಿಲಲ್ಲಿತ್ತು. ಕುಳಿತು ಉಂಡೆ. ರುಚಿಯಾಗಿತ್ತು.

ಕಪಿಲಾಕ್ಷ."

'ರುಚಿಯಾಗಿತ್ತು' ಎಂಬ ಮಾತು ಕೆರೆಯ ಮೇಲೆ ಹಾದುಹೋಯಿತು. ಸುಟ್ಟ ಕಲೆಯ ಬೆಳ್ಳಕ್ಕಿ ಎತ್ತಿದ ರೆಕ್ಕೆಯನ್ನು ಮಡಿಸಿತು. ಆ ರೆಕ್ಕೆ ತೋಳಾಯಿತು. ಒಂದು ಹಕ್ಕಿ ರಾಜನಾಯಿತು, ಒಂದು ರಾಣಿಯಾಯಿತು, ಕೆರೆಯ ತುಂಬ ಜನ ಒದ್ದೆ ಸೀರೆ, ಒದ್ದೆ ಪಂಚೆಗಳಲ್ಲಿ ಒಂಟಿಕಾಲಿನ ಮೇಲೆ ನಿಂತು, ಆಮೇಲೆ ನೆನಪಾಗಿ ಇನ್ನೊಂದು ಕಾಲನ್ನೂ ಊರಿದರು. ಮಾಳಿಂಗ ತನ್ನ ಬರಿಗೈ ನೋಡಿಕೊಂಡು, "ಅಯ್ಯೋ, ಚಳಿ!" ಎಂದ. ಕಪಿಲಾಕ್ಷನ ಮಂತ್ರಗಳು ಶಾಪದ ಗಂಟಿನ ಜೊತೆಗೇ ಬಿಚ್ಚಿಹೋದವು.

ಗುಣವತಿ ನೀರಿನಿಂದ ಎದ್ದು ಬಂದು ಮಗಳ ಮುಂದೆ ನಿಂತಳು. ಕೆನ್ನೆ ಸವರಿದಳು. "ಜ್ವರ ಬಿಟ್ಟಿತೇ, ಚಿನ್ನಾ?" ಎಂದಳು.

ಅಷ್ಟು ಕಾಲ ನೇರವಾಗಿದ್ದ ಹೇಮವಲ್ಲಿಯ ಬೆನ್ನು ಆಗ ಬಾಗಿತು. ಅಮ್ಮನ ಹೆಗಲ ಮೇಲೆ ಮುಖವಿಟ್ಟು ಅತ್ತಳು. ಮರೆತವಳೆಂದು ಊರು ಹೇಳಿದ್ದ ಅಮ್ಮ ಒಂದನ್ನೂ ಮರೆತಿರಲಿಲ್ಲ.

ಆಮೇಲೆ ಗುಣವತಿ ಕಪಿಲಾಕ್ಷನ ಕಡೆ ತಿರುಗಿದಳು. ಪರವಾಗಿಲ್ಲ ಎನ್ನಲಿಲ್ಲ. "ನೀನು ಮಾಡಿದ್ದು ನೀಚ ಕೆಲಸ," ಎಂದಳು. ಮತ್ತೆ, "ನಾನು ಕೇಳಿದ್ದಕ್ಕೆ ನೀನಿನ್ನೂ ಉತ್ತರ ಕೊಟ್ಟಿಲ್ಲ," ಎಂದಳು.

ಮುದುಕ ಕೈಮುಗಿದ. "ಸಾಕಾಯಿತು, ತಾಯಿ. ನಿನ್ನ ಅನ್ನದಿಂದ ಬದುಕಿದೆ."

ರಾಜ ಅವನನ್ನು ಅಡುಗೆಮನೆಯ ಪಾತ್ರೆ ಬೆಳಗಲು ಹಾಕಿದ. ಊರವರು ಒಬ್ಬೊಬ್ಬರಾಗಿ ಬಂದು ಗುಣವತಿಯ ಕೈಹಿಡಿದು ತಪ್ಪಾಯಿತೆಂದರು. 'ಆದರೆ' ಎನ್ನಲು ಬಾಯಿ ತೆರೆದವರು ಹೇಮವಲ್ಲಿಯ ಮುಖ ನೋಡಿ ಮುಚ್ಚಿಕೊಂಡರು. ಅಂದಿನಿಂದ ಕುಮುದಪುರದಲ್ಲಿ ಉಂಡವರು, ಅಡುಗೆ ಮಾಡಿದವರ ಹೆಸರು ಹೇಳಿ ಕೈಮುಗಿದೇ ಎಲೆಯ ಮುಂದಿಂದ ಏಳುವ ಪದ್ಧತಿ ಬಂತು. ಮಾಳಿಂಗ ಮತ್ತೆ ಬಾಗಿಲು ಕಾದ, ಹೋಗುವವರನ್ನೆಲ್ಲ ಊಟವಾಯಿತೇ ಎಂದು ಕೇಳಿದ, ಎಲ್ಲರೂ ಆಯಿತಪ್ಪಾ ಎಂದರು. ಮಳೆ ಬಂತು, ಕೆರೆ ತುಂಬಿತು, ಅಲ್ಲಿ ನಿಜವಾದ ಬೆಳ್ಳಕ್ಕಿಗಳು ಬಂದು ಇಳಿದವು. ಅವೂ ಸುಖವಾಗಿದ್ದವು, ಊರವರೂ ಸುಖವಾಗಿದ್ದರು, ತಾಯಿಮಗಳಂತೂ ಒಂದೇ ಎಲೆಯ ಎದುರುಬದುರು ಕುಳಿತು ಉಂಡು ನಗುನಗುತ್ತಾ ಬಾಳಿದರು.