ಗೆರೆಯಿಲ್ಲದ ಕೈ

ಬಹಳ ಕಾಲದ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದಿದ್ದಾಗ, ಏಳುಕಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ಜನ ಹಸ್ತ ತೋರಿಸದೆ ಹಲ್ಲನ್ನೂ ಉಜ್ಜುತ್ತಿರಲಿಲ್ಲ. ಹೀಗಾಗಿ ರಾಜ್ಯದಲ್ಲಿ ವೈದ್ಯರು ಇಬ್ಬರು, ಕೈ ನೋಡುವವರು ಎಪ್ಪತ್ತಮೂರು ಮಂದಿ. ಆ ಎಪ್ಪತ್ತಮೂರರಲ್ಲಿ ಸಿದ್ಧಜ್ಜಿಯೂ ಒಬ್ಬಳು. ಅವಳ ಮೊಮ್ಮಗಳು ಕೆಂಚಿ, ಹನ್ನೆರಡು ವರ್ಷದವಳು, ಅಜ್ಜಿಯ ಹತ್ತಿರವೇ ವಿದ್ಯೆ ಕಲಿಯುತ್ತಿದ್ದಳು.

ಕೆಂಚಿ ಬಲು ಚುರುಕು. ಹೆಣ್ಣಿಗೆ ಎಡಗೈ, ಗಂಡಿಗೆ ಬಲಗೈ. ತೋರುಬೆರಳಿನ ಬುಡ ಗುರುವಿನ ಜಾಗ, ನಡುಬೆರಳಿನದು ಶನಿಯದು, ಉಂಗುರಬೆರಳಿನದು ರವಿಯದು, ಕಿರುಬೆರಳಿನದು ಬುಧನದು. ಹೆಬ್ಬೆರಳಿನ ಬುಡವನ್ನು ಬಳಸಿ ಇಳಿಯುವುದು ಆಯುಷ್ಯರೇಖೆ. ಅಂಗೈ ನಡುವೆ ಅಡ್ಡ ಹೋಗುವುದು ಬುದ್ಧಿರೇಖೆ. ಗೆರೆ ಸಣ್ಣದಿದ್ದರೆ ಕೈಗೆ ದೀಪದ ಮಸಿ ಸವರಿ ಬಟ್ಟೆಯ ಮೇಲೆ ಅಚ್ಚು ತೆಗೆದು ನೋಡಬೇಕು. ಎಲ್ಲವನ್ನೂ ಅವಳು ಮೂರು ತಿಂಗಳಲ್ಲಿ ಬಾಯಿಪಾಠ ಮಾಡಿದ್ದಳು.

ಅಜ್ಜಿ ಮಾತ್ರ ಇದ್ಯಾವುದನ್ನೂ ಬಳಸುವಂತೆ ಕಾಣುತ್ತಿರಲಿಲ್ಲ. ಬಂದವರ ಕೈ ಹಿಡಿದು, "ಊಟ ಆಯ್ತೇನಪ್ಪ?" ಎನ್ನುವಳು. ಆಮೇಲೆ ಗಳಿಗೆಗಟ್ಟಲೆ ಸುಮ್ಮನೆ ಕೂರುವಳು. ಬಂದವರೇ ಮಾತಾಡಿ, ಅತ್ತು, ನಕ್ಕು, ಹಗುರಾಗಿ ಎದ್ದು ಹೋಗುವರು.

"ಅಜ್ಜೀ, ನೀನು ಗೆರೆ ನೋಡೋದೇ ಇಲ್ವಲ್ಲ?"

"ನೋಡ್ತೀನಿ ಮಗಾ. ಅಷ್ಟು ಹೊತ್ತು ಕೈ ಹಿಡ್ಕೊಳ್ಳೋಕೆ ಒಂದು ನೆಪ ಬೇಕಲ್ಲ."

ಅಜ್ಜಿಗೆ ವಯಸ್ಸಾಯಿತು, ಪಾಠ ಮರೆತಿದೆ ಎಂದು ಕೆಂಚಿ ತೀರ್ಮಾನಿಸಿದಳು.

ಒಂದು ಬೆಳಿಗ್ಗೆ ಕರಿ ಕಂಬಳಿ ಹೊದ್ದ ಎತ್ತರದ ಮನುಷ್ಯನೊಬ್ಬ ಬಂದು ಬಲಗೈ ಚಾಚಿದ. ಅಜ್ಜಿ ಇನ್ನೂ ಮುಟ್ಟಿರಲಿಲ್ಲ. ಕೆಂಚಿ ಬಗ್ಗಿ ನೋಡಿ ಕೂಗಿದಳು: "ಅಯ್ಯೋ ಅಜ್ಜೀ, ಈ ಕೈಯಲ್ಲಿ ಏನೂ ಇಲ್ಲ!"

ನಿಜಕ್ಕೂ ಇರಲಿಲ್ಲ. ಅಂಗೈ ಬಾಳೆಎಲೆಯ ಬೆನ್ನಿನಷ್ಟು ನುಣುಪಾಗಿತ್ತು. ಆ ಮನುಷ್ಯನ ಮುಖ ಕಪ್ಪಿಟ್ಟಿತು. ಅವನು ಧೂಮಕೇಶನೆಂಬ ಮಾಂತ್ರಿಕ. "ನೀನೂ ಅದನ್ನೇ ಹೇಳಿದೆ" ಎಂದು ಚಿಟಿಕೆ ಹೊಡೆದ. ಚಿಟಿಕೆ ಕೆಂಚಿಗೆಂದೇ ಹೊಡೆದದ್ದು. ಅಜ್ಜಿ ಅಡ್ಡ ಬಂದಳು. ಅಜ್ಜಿಯಿದ್ದ ಜಾಗದಲ್ಲಿ ಒಂದು ಬೂದು ಕೋಳಿ ಕೂತಿತ್ತು.

"ನಾನು ಕೋಳಿ ಮಾಡಿದವರಲ್ಲಿ ಇವಳು ಎಪ್ಪತ್ತೆರಡನೆಯವಳು, ಕೈ ನೋಡುವವಳು ಇನ್ನು ನೀನೊಬ್ಬಳೇ. ನನ್ನ ಕೈಯನ್ನು ಸರಿಯಾಗಿ ಓದಿದರೆ ಎಲ್ಲರನ್ನೂ ಬಿಡುತ್ತೇನೆ. ನಾಳೆ ಹೊತ್ತು ಮುಳುಗುವುದರೊಳಗೆ ನನ್ನ ಹೊಗೆಕೋಟೆಗೆ ಬಾ. ಆಮೇಲೆ ಕೋಳಿ ತಾನು ಮನುಷ್ಯಳಾಗಿದ್ದುದನ್ನೇ ಮರೆಯುತ್ತದೆ" ಎಂದು ಹೇಳಿ ಮಾಂತ್ರಿಕ ಹೊಗೆಯಾಗಿ ಹೋದ. ಅವನು ಸಸ್ಯಾಹಾರಿ ಎಂಬುದೊಂದೇ ರಾಜ್ಯಕ್ಕಿದ್ದ ಸಮಾಧಾನ.

ಮರುದಿನ ಕೆಂಚಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಗೆಕೋಟೆಗೆ ಹೊರಟಳು. ಕೋಟೆಗೆ ಎರಡು ಬಾಗಿಲು, ಒಳಗೆ ಮಾಂತ್ರಿಕ. ಬಾಗಿಲಿಗೊಂದು ಕಾವಲು ಮೃಗ. ಆ ಮೃಗಗಳೂ ಮೊದಲು ಮನುಷ್ಯರೇ; ಅವುಗಳ ಬಲ ಅಂಗೈಯನ್ನು ಮಾತ್ರ ಮಾಂತ್ರಿಕ ಮನುಷ್ಯರದಾಗಿಯೇ ಬಿಟ್ಟಿದ್ದ. ಕೈ ಓದಿ, ಯಾರಿಗೂ ಹೇಳದ ನಿಜವನ್ನು ಹೇಳಿದರೆ ಬಾಗಿಲು ತೆರೆಯುವುದು. ಮೂರು ಸಲ ತಪ್ಪಿದರೆ ಓದುವವರೂ ಕೋಳಿ.

ಮೊದಲ ಬಾಗಿಲಲ್ಲಿ ಕರಡಿಯಿತ್ತು. ಕೆಂಚಿ ಅದರ ಕೈ ಹಿಡಿದು ಒಂದೇ ಉಸಿರಿಗೆ ಶುರು ಮಾಡಿದಳು: "ಗುರುವಿನ ಜಾಗ ಎತ್ತರವಾಗಿದೆ, ಅಧಿಕಾರಯೋಗ. ಬುದ್ಧಿರೇಖೆ ಮೇಲೆ ಅಡ್ಡಗೆರೆ ಇದೆ, ಸಮುದ್ರಯಾನ."

"ಅದು ಈಳಿಗೆಮಣೆ ತಾಗಿದ್ದು ಕಣಮ್ಮ" ಎಂದಿತು ಕರಡಿ.

ಕೆಂಚಿಯ ಕಾಲ್ಬೆರಳು ಕೋಳಿಯ ಬೆರಳಾದವು. ಹೆದರಿಕೆಗೆ ಅವಳ ಬಾಯಿಂದ ಮಾತೇ ಹೊರಡಲಿಲ್ಲ. ಆ ಮೌನ ಕರಡಿಗೆ ಸಹಿಸಲಾಗಲಿಲ್ಲ. ತಾನಾಗಿಯೇ ಹೇಳತೊಡಗಿತು: ಅರಮನೆಯ ಅಡುಗೆಯವನಾಗಿದ್ದೆ, ರಾಜಕುಮಾರಿಯ ಮದುವೆಗೆ ಸಾರಿಗೆ ಉಪ್ಪು ಹಾಕಲು ಮರೆತೆ, ಜನ ನಕ್ಕರು, ಮಾಂತ್ರಿಕ ಹಿಡಿದು ತಂದ, ಊರಿಗೆ ಹೋದರೆ ಜನ ನಗುತ್ತಾರೆ, ಇಲ್ಲಿ ಚಳಿ ಜಾಸ್ತಿ, ಆದರೆ ಯಾರೂ ನಗುವುದಿಲ್ಲ.

ಮಾಂತ್ರಿಕನ ಹೆಸರು ಒಂದು ಸಲ ಬಂತು; ನಗುವುದು ಮೂರು ಸಲ. ಕೆಂಚಿ ಎಣಿಸಿದ್ದಳು.

"ಕರಡಿಯಣ್ಣ, ನೀನು ಇಲ್ಲಿ ಕಾವಲು ಕಾಯ್ತಿಲ್ಲ. ಬಚ್ಚಿಟ್ಕೊಂಡಿದ್ದೀಯ."

ಕರಡಿ ಗಳಗಳನೆ ಅತ್ತಿತು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಉದ್ದ ಬಾಲದ ಕರಿಮೂತಿ ಕೋತಿ, ಮುಸುವ. ಅದು ಕೇಳದೆಯೇ ಮಾತಾಡುವ ಜಾತಿ. ಅಪ್ಪನ ಕುದುರೆ, ಅಣ್ಣನ ಜಗಳ, ಚಿಕ್ಕಪ್ಪನ ಮೂಗು, ಅತ್ತೆಯ ಒಡವೆ, ಎಲ್ಲವೂ ಬಂದವು. ಜಗಳದ ಮಾತು ಬಂದದ್ದೇ ತಡ, ಕೆಂಚಿ ಆತುರಪಟ್ಟು, "ನಿಂಗೆ ಅಣ್ಣನ ಮೇಲೆ ಸಿಟ್ಟು!" ಎಂದಳು. ಅವಳ ಕೈಗೆ ಪುಕ್ಕ ಬಂತು. ಇನ್ನುಳಿದದ್ದು ಒಂದೇ ತಪ್ಪು.

ಕಂಕುಳಲ್ಲಿದ್ದ ಕೋಳಿ ಅವಳನ್ನು ಬಲವಾಗಿ ಕುಕ್ಕಿತು. ಅಜ್ಜಿ ಬೈಯುವ ರೀತಿಯೇ ಹಾಗೆ.

ಕೆಂಚಿ ಈ ಸಲ ಬಾಯಿ ಮುಚ್ಚಿ, ಕೈಯನ್ನು ಬಿಡದೆ ಹಿಡಿದಳು. ಅಣ್ಣನ ವಿಷಯ ಬಂದಾಗ ಮುಸುವನ ಬೆರಳು ಸಡಿಲವಾಗಿಯೇ ಇದ್ದವು. ಚಿಕ್ಕಪ್ಪನ ವಿಷಯಕ್ಕೂ ಸಡಿಲ. "ಆಗ ಮನೇಲಿ ಅಡುಗೆ ಯಾರು ಮಾಡ್ತಿದ್ರು?" ಎಂದು ಕೇಳಿದಾಗ ಮಾತ್ರ ಹೆಬ್ಬೆರಳು ಒಳಗೆ ಮಡಚಿಕೊಂಡಿತು, ಅಂಗೈ ತಣ್ಣಗಾಯಿತು, ಮಾತು ಕುದುರೆಗೆ ಓಡಿತು.

"ಮುಸುವಣ್ಣ, ಮನೆಯವರೆಲ್ಲ ಬಂದ್ರು. ನಿಮ್ಮಮ್ಮ ಬರಲೇ ಇಲ್ವಲ್ಲ?"

ಮುಸುವ ಬಾಲವನ್ನು ಮೈಗೆ ಸುತ್ತಿಕೊಂಡಿತು. "ಅಮ್ಮಂಗೆ ಹೇಳದೆ ಬಂದ್ಬಿಟ್ಟೆ" ಎಂದಿತು. ಬಾಗಿಲು ತೆರೆಯಿತು.

ಒಳಗೆ ಅಂಗಳದ ತುಂಬ ಕೋಳಿಗಳು. ನಡುವೆ ಧೂಮಕೇಶ. ಸೂರ್ಯ ಕೋಟೆಗೋಡೆಗಿಂತ ಒಂದು ಗೇಣು ಮೇಲಿದ್ದ.

"ಬಾಗಿಲಲ್ಲಿ ನನ್ನ ಬಗ್ಗೆ ಏನಾದರೂ ಹೇಳಿದರೋ?" ಎಂದು ಕೇಳಿದ. ಲೋಕವನ್ನು ನಡುಗಿಸುವವನ ಮೊದಲ ಪ್ರಶ್ನೆ ಅದು. ಕೆಂಚಿ ಅದನ್ನು ಕೇಳಿಸಿಕೊಂಡಳು.

ಅವನ ಕೈಯನ್ನು ತನ್ನ ಪುಕ್ಕದ ಕೈಗಳಲ್ಲಿ ಇಟ್ಟುಕೊಂಡು, "ಊಟ ಆಯ್ತಾ ಅಯ್ಯಾ?" ಎಂದಳು.

"ನನ್ನನ್ನು ಯಾರೂ ಹಾಗೆ ಕೇಳುವುದಿಲ್ಲ."

ಅವಳು ಸುಮ್ಮನಿದ್ದಳು. ಸೂರ್ಯ ನಾಲ್ಕು ಬೆರಳು ಇಳಿದ. ಅವನು ಗದರಿದ, "ಗೆರೆ ಅಳಿಸಿದವನು ನಾನೇ, ಮಂತ್ರದ ಕಲ್ಲಲ್ಲಿ ಉಜ್ಜಿ!" ಎಂದು ಜಂಬ ಕೊಚ್ಚಿದ, ಕೊನೆಗೆ ದನಿ ತಗ್ಗಿಸಿದ. "ಇದ್ದರೇನು ಉಪಯೋಗ? ಹತ್ತು ವರ್ಷದವನಿದ್ದಾಗ ಸಂತೆಯಲ್ಲಿ ಒಬ್ಬ ಕೈ ನೋಡಿದ. ತಲೆಯನ್ನೂ ಎತ್ತಲಿಲ್ಲ. 'ಈ ಕೈಯಲ್ಲಿ ಏನೂ ಇಲ್ಲ, ಮುಟ್ಟಿದ್ದೆಲ್ಲ ಹಾಳು' ಎಂದ. ಎಲ್ಲರೂ ಕೇಳಿದರು. ಮರುದಿನದಿಂದ ನನ್ನ ಜೊತೆ ಯಾರೂ ಆಡಲಿಲ್ಲ. ಹಾಳು ಮಾಡುವುದನ್ನೇ ಕಲಿತೆ."

ನಿನ್ನೆ ತಾನೂ ಅದನ್ನೇ ಕೂಗಿದ್ದು ಕೆಂಚಿಗೆ ನೆನಪಾಯಿತು. ಆದರೂ ಸಮಾಧಾನ ಹೇಳಲು ಹೋಗಲಿಲ್ಲ.

"ಅವತ್ತು ಸಂತೆಗೆ ಹೋಗೋಕೆ ಮುಂಚೆ ಆ ಕೈಯಲ್ಲಿ ಏನು ಕೆಲಸ ಮಾಡಿದ್ರಿ ಅಯ್ಯಾ?"

"ಏನು ಮಾಡುವುದು? ಗೇರುಬೀಜ ಸುಲಿದಿದ್ದೆ. ವಾರವಿಡೀ. ಅಮ್ಮನಿಗೆ ಮೈ ಹುಷಾರಿರಲಿಲ್ಲ, ಅವಳ ಪಾಲಿನದೂ ನಾನೇ."

"ಸೊನೆ ತಾಗಿ ಚರ್ಮ ಸುಲಿದಿತ್ತಾ?"

"ಬೊಬ್ಬೆಯೆದ್ದು ಇಡೀ ಅಂಗೈ ಸುಲಿದಿತ್ತು."

"ಗೇರು ಸುಲಿದ ಕೈಯನ್ನ ಹೊಸ ಚರ್ಮ ಬರೋವರೆಗೆ ಯಾರೂ ಓದಬಾರದು ಅಯ್ಯಾ. ಗೆರೆ ಮುಚ್ಚಿರುತ್ತೆ. ಅವನು ಒಂದು ಮಾತು ಕೇಳಿದ್ರೆ ಗೊತ್ತಾಗ್ತಿತ್ತು. ಅವನು ಓದಿದ್ದು ನಿಮ್ಮ ಹಣೆಬರಹ ಅಲ್ಲ, ಬೊಬ್ಬೆ. ಆ ಕೈಯಲ್ಲಿ ಇದ್ದದ್ದು ಅಮ್ಮನ ಕೆಲಸ."

ಧೂಮಕೇಶ ಅಂಗೈಯನ್ನೇ ನೋಡುತ್ತ ಕೂತ. ಆಮೇಲೆ ನಕ್ಕ. ಅವನಿಗೆ ನಗು ರೂಢಿಯಿರಲಿಲ್ಲ, ಕೆಮ್ಮಿನಂತೆ ಬಂತು. ಅಂಗೈಯಲ್ಲಿ ಮೊದಲು ಆಯುಷ್ಯರೇಖೆ ಮೂಡಿತು, ಆಮೇಲೆ ಉಳಿದವು. ಮಾಯೆ ಕಳಚಿತು. ಕೆಂಚಿಯ ಪುಕ್ಕ ಉದುರಿತು. ಅಡುಗೆಯವನು ಉಪ್ಪು ಹುಡುಕಿಕೊಂಡು ಓಡಿದ, ಮುಸುವನಾಗಿದ್ದವನು ಅಮ್ಮನ ಬಳಿಗೆ. ಅಂಗಳದಲ್ಲಿ ಎಪ್ಪತ್ತೊಂದು ಮಂದಿ ಎದ್ದು ನಿಂತು, ಹೀಗಾಗುವುದು ತಮಗೆ ಮೊದಲೇ ಗೊತ್ತಿತ್ತು ಎಂದು ಒಟ್ಟಿಗೆ ಹೇಳತೊಡಗಿದರು. ಸಿದ್ಧಜ್ಜಿಯೊಬ್ಬಳೇ ಏನೂ ಹೇಳದೆ ಮೊಮ್ಮಗಳ ಕೆನ್ನೆ ಸವರಿದಳು.

ಅಂದಿನಿಂದ ಏಳುಕಲ್ಲಿನಲ್ಲಿ ಎಲ್ಲರೂ ಸುಖವಾಗಿದ್ದರು. ಅವರ ಕೈಯಲ್ಲಿ ಹಾಗೆಂದು ಬರೆದಿತ್ತೋ ಇಲ್ಲವೋ, ಯಾರೂ ನೋಡಲು ಹೋಗಲಿಲ್ಲ.