ಬಾಳ್ಳುಪೇಟೆಯಲ್ಲಿ ನಿಂತ ಮೋಡ

ಆರು ತಿಂಗಳಿಂದ ಮಾತು ಬಿಟ್ಟಿದ್ದ ಯೋಗಾನಂದ ಜೂನ್ ತಿಂಗಳ ಒಂದು ಶುಕ್ರವಾರ ವಾಟ್ಸಾಪ್‌ನಲ್ಲಿ ಕವಿತೆ ಕಳಿಸಿದ. ಮೋಡದ ಕೈಯಲ್ಲಿ ನಲ್ಲೆಗೆ ಸುದ್ದಿ ಹೇಳಿಕಳಿಸುವ ಸಂದೇಶ ಕಾವ್ಯ. ಓದುವ ಮೊದಲೇ ನನಗೆ ಮೈ ಉರಿಯಿತು.

ಅವನು ವನಗೂರಿನ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ನಾನು ಚೈತ್ರಶ್ರೀ, ಆಲೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಜನವರಿಯಲ್ಲಿ ಅಪ್ಪನ ಹತ್ತಿರ ನನ್ನನ್ನು ಕೇಳಲು ಬರುತ್ತೇನೆಂದವನು ಬರಲೇ ಇಲ್ಲ. ವನಗೂರಿನ ಇಳಿಜಾರಿನಲ್ಲಿ ಜೀಪು ಕೆಟ್ಟಿತಂತೆ. ಈ ಭಾನುವಾರ ಬೇರೆ ಗಂಡು ನನ್ನನ್ನು ನೋಡಲು ಬರುವವನಿದ್ದ.

ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಕೂತೆ. ಸಂದೇಶ ಕಾವ್ಯದ ನಿಯಮದಂತೆ ಮೊದಲು ಮೋಡವನ್ನು ಹೊಗಳಿ ಒಲಿಸಿಕೊಳ್ಳಬೇಕು, ಧಾರಾಳವಾಗಿ ಹೊಗಳಿದ್ದ. ಆಮೇಲೆ ದಾರಿ ಹೇಳಬೇಕು, ಎಲ್ಲಿ ನೀರು ಕುಡಿಯಬೇಕು, ಎಲ್ಲಿ ದಣಿವಾರಿಸಿಕೊಳ್ಳಬೇಕು ಎಂದು. ಮುಂಗಾರು ಗಾಳಿ ಪಡುವಣದಿಂದ ಬೀಸುವುದರಿಂದ ದಿಕ್ಕೂ ಸರಿಯಿತ್ತು. ಸಕಲೇಶಪುರದಲ್ಲಿ ಹೇಮಾವತಿಯ ನೀರು ಕುಡಿ ಎಂದು ಎರಡೇ ಸಾಲು ಬರೆದವನು ಬಾಳ್ಳುಪೇಟೆಗೆ ಹನ್ನೆರಡು ಸಾಲು ಬರೆದಿದ್ದ. ಹೋಟೆಲಿನ ಮುಂದಿನ ಅಲ್ಲಾಡುವ ಬೆಂಚು, ಲಾರಿಗಳ ಧೂಳು, ಆಲೂರಿಗೆ ಹೋದ ನಾಲ್ಕು ಬಸ್ಸು. 'ಅಲ್ಲಿ ಕೂರಬೇಡ ಮೋಡವೇ, ಕೂತವನಿಗೆ ಏಳಲಾಗುವುದಿಲ್ಲ.'

ಅಲ್ಲಿಂದ ಮುಂದೆ ನಮ್ಮ ಮನೆ, ನನ್ನ ಸೊರಗಿದ ಮುಖ, ಮರೆತಿಲ್ಲವೆಂಬ ಸಂದೇಶ. ನಾನೇನೂ ಸೊರಗಿರಲಿಲ್ಲ. ಕೊನೆಯಲ್ಲಿ ಇಬ್ಬರಿಗೇ ಗೊತ್ತಿರುವ ಒಂದು ಗುರುತು ಹೇಳಬೇಕು. ಅದಿಲ್ಲದೆ ನಲ್ಲೆ ದೂತನನ್ನು ನಂಬುವುದಿಲ್ಲ. ಅದೇ ಇರಲಿಲ್ಲ.

ಶನಿವಾರ ಅವನನ್ನು ಕಾಲೇಜಿಗೆ ಕರೆಸಿದೆ. ಮೆಟ್ಟಿಲ ಬಳಿ ನಿಂತು ಅವನು ಒಮ್ಮೆ ಕೆಂಪು ಗೆರೆಗಳನ್ನು ನೋಡಿದ, ಒಮ್ಮೆ ಕದ್ದು ನನ್ನನ್ನು. ಆ ಕಳ್ಳನೋಟ ನನಗೆ ಈಗಲೂ ಇಷ್ಟವೆಂಬುದೇ ಇನ್ನಷ್ಟು ಸಿಟ್ಟು ತರಿಸಿತು.

"ಗುರುತು ಎಲ್ಲಿ?" ಅಂದೆ.

"ಏನ್ ಬರೆದ್ರೂ ಸುಳ್ಳು ಅಂತೀಯ ಕಣೇ."

"ವನಗೂರಲ್ಲಿ ಜೀಪ್ ಕೆಟ್ಟೋನಿಗೆ ಬಾಳ್ಳುಪೇಟೆ ಬೆಂಚು ಅಲ್ಲಾಡೋದು ಹೆಂಗ್ ಗೊತ್ತಾಯ್ತು?"

ಅವನ ಕಿವಿ ಕೆಂಪಾಯಿತು.

"ಜೀಪ್ ಕೆಟ್ಟಿರ್ಲಿಲ್ಲ. ರೈಟರ್‌ಗೆ ಮಗಳನ್ನ ಕೊಡ್ಬೇಕಾ ಅಂತ ನಿಮ್ಮಪ್ಪ ಕೇಳ್ತಾರೆ ಅಂತ ಹೆದ್ರುಬುಟ್ಟೆ. ಆ ಬೆಂಚಲ್ಲಿ ಕೂತು ನಾಲ್ಕು ಬಸ್ ಬಿಟ್ಟೆ."

"ನಾಲ್ಕಲ್ಲ, ಐದು. ಐದನೇದ್ರಲ್ಲಿ ನಾನಿದ್ದೆ. ಸಕಲೇಶಪುರದಿಂದ ಹೂ ತಗೊಂಡು ಬರ್ತಿದ್ದೆ. ನೀನು ತಲೆ ಎತ್ತಲಿಲ್ಲ."

ಅವನು ಗೋಡೆಗೆ ಒರಗಿದ. ಆರು ತಿಂಗಳು ನಾನು ಕಾದಿದ್ದು ಜೀಪು ರಿಪೇರಿಯಾಗಲಿ ಎಂದಲ್ಲ, ಈ ಮಾತು ಅವನ ಬಾಯಿಂದ ಬರಲಿ ಎಂದು. ಹಾಳೆಯ ಕೊನೆಗೆ ಗುರುತನ್ನು ನಾನೇ ಬರೆದೆ: ಐದನೇ ಬಸ್ಸು, ಕಿಟಕಿ, ಮಡಿಲಲ್ಲಿ ಹೂವು.

"ನಾಳೆ ಆ ಗಂಡು ಬರೋದು ಹನ್ನೊಂದಕ್ಕೆ. ಅದಕ್ಕೆ ಮುಂಚೆ ಅಪ್ಪನ ಹತ್ರ ಬಾಯಿ ಬಿಟ್ಟು ಕೇಳು. ಮೋಡ ಗೀಡ ಬೇಡ," ಅಂದು ಹೊರಟೆ.

ಭಾನುವಾರ ಬೆಳಿಗ್ಗೆ ಎಂಟಕ್ಕೇ ನಾನು ಬಾಳ್ಳುಪೇಟೆಗೆ ಹೋಗಿ ಆ ಬೆಂಚನ್ನು ಹಿಡಿದು ಕೂತೆ, ಅವನಿಗೆ ಜಾಗವಿರಬಾರದೆಂದು. ಸಕಲೇಶಪುರದ ಬಸ್ಸು ಬಂತು. ಅವನು ಕಿಟಕಿಯ ಪಕ್ಕ ಕೂತಿದ್ದ. ನನ್ನನ್ನು ಕಂಡವನೇ ಸೀಟಿನಲ್ಲಿ ಸರಿದು ಜಾಗ ಮಾಡಿದ.

ಹತ್ತಿ ಪಕ್ಕದಲ್ಲಿ ಕೂತೆ. ಆಲೂರು ಬರುವವರೆಗೂ ನಾನು ಅವನ ಕೈ ಬಿಡಲಿಲ್ಲ.